ಸಹಾಯ ಬೇಕು: ವರ್ಟಿಕಲ್ ಆರ್ಡರ್‌ನಲ್ಲಿ ಒಂದೇ ಜಾಗಕ್ಕೆ ಬಂದ ನೋಡ್‌ಗಳಲ್ಲಿ ಯಾವುದು ಮೊದಲು?

ನಮಸ್ಕಾರ. ಬೈನರಿ ಟ್ರೀಯ ವರ್ಟಿಕಲ್ ಆರ್ಡರ್ ಬರೆಯುತ್ತಿದ್ದೇನೆ. ರೂಟ್‌ನ ಅಡ್ಡ ದೂರ 0. ಎಡಕ್ಕೆ ಇಳಿದರೆ 1 ಕಳೆಯುತ್ತೇನೆ, ಬಲಕ್ಕೆ ಇಳಿದರೆ 1 ಕೂಡಿಸುತ್ತೇನೆ. ಇಷ್ಟರವರೆಗೆ ಸರಿ.

ತೊಂದರೆ ಈ ಟ್ರೀಯಲ್ಲಿ:

```
      9
    /   \
   2     3
    \   /
     6 5
```

6 ಮತ್ತು 5 ಎರಡಕ್ಕೂ ಅಡ್ಡ ದೂರ 0, ಮಟ್ಟವೂ 2. ಕ್ಯೂ ಬಳಸಿ ಮಟ್ಟ ಮಟ್ಟವಾಗಿ ಹೋದರೆ ನಡುವಿನ ಕಾಲಂ `9 6 5` ಬರುತ್ತದೆ, ಏಕೆಂದರೆ 2ರ ಮಗು ಮೊದಲು ಸಿಗುತ್ತದೆ. ಆದರೆ ನನ್ನ ಲೆಕ್ಕದಲ್ಲಿ ಕೇಳಿರುವುದು `9 5 6`. ಅಂದರೆ ಟೈ ಆದಾಗ ಚಿಕ್ಕ ಬೆಲೆ ಮೊದಲು. ಇಡೀ ಕಾಲಂ ಅನ್ನು ಸುಮ್ನೆ ಬೆಲೆಯ ಮೇಲೆ ಸಾರ್ಟ್ ಮಾಡಿದರೆ `5 6 9` ಆಗಿ ರೂಟ್ ಕೆಳಗೆ ಹೋಗುತ್ತದೆ. ಹಾಗಾಗಿ ಪ್ರತಿ ಕಾಲಂನಲ್ಲೂ ಹೀಗೆ ಇಟ್ಟಿದ್ದೇನೆ:

```python
cols[hd].append((level, node.val))
```

ಕೊನೆಗೆ ಪ್ರತಿ ಪಟ್ಟಿಯನ್ನು ಸಾರ್ಟ್ ಮಾಡುತ್ತೇನೆ. ಉತ್ತರ ಸರಿ ಬರುತ್ತಿದೆ. ಮಟ್ಟ ಜೊತೆಗಿರುವುದರಿಂದ ರಿಕರ್ಶನ್‌ನಲ್ಲೂ ನಡೆಯುತ್ತದೆ.

ನನ್ನ ಪ್ರಶ್ನೆ: ಕ್ಯೂ ಹೇಗೂ ಮಟ್ಟದ ಕ್ರಮದಲ್ಲೇ ಕೊಡುತ್ತದೆ ಅಲ್ವಾ? ಹಾಗಾದರೆ ಒಂದೊಂದು ಮಟ್ಟ ಮುಗಿದಾಗ ಆ ಮಟ್ಟದವನ್ನು ಮಾತ್ರ ಬೆಲೆಯ ಮೇಲೆ ಸಾರ್ಟ್ ಮಾಡಿ ಕಾಲಂಗಳಿಗೆ ಸೇರಿಸಿದರೆ ಸಾಕಾ? ಆದರೆ ಕ್ಯೂನಲ್ಲಿರುವ ಕ್ರಮವನ್ನೂ ಬದಲಿಸಬೇಕಾ, ಬೇಡವಾ? ಬೇಡ ಅನ್ನಿಸುತ್ತದೆ, ಖಾತ್ರಿಯಿಲ್ಲ. ತಪ್ಪಾಗುವ ಚಿಕ್ಕ ಟ್ರೀ ಯಾರಿಗಾದರೂ ಹೊಳೆದರೆ ಹಾಕಿ.