‘ನಿರಪೇಕ್ಷ ತಾಪಾನುಪಾತಿ ವೋಲ್ಟೇಜ್’ ಎನ್ನಬಹುದೇ?

ಕಳುಹಿಸಿದವರು: ಅನುವಾದಕಿ

ಮಾನ್ಯರೇ,

ಅನಲಾಗ್ ಸರ್ಕ್ಯೂಟುಗಳ ಕುರಿತ ಒಂದು ಪಠ್ಯವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಎರಡು ಟ್ರಾನ್ಸಿಸ್ಟರುಗಳನ್ನು ಬೇರೆ ಬೇರೆ ಪ್ರವಾಹ ಸಾಂದ್ರತೆಯಲ್ಲಿ ನಡೆಸಿ, ಅವುಗಳ ಬೇಸ್–ಎಮಿಟರ್ ವೋಲ್ಟೇಜುಗಳ ವ್ಯತ್ಯಾಸದಿಂದ ತಾಪವನ್ನು ಅಳೆಯುವ ವಿಧಾನ ಬರುತ್ತದೆ. ಹೀಗೆ ದೊರೆಯುವ ವೋಲ್ಟೇಜನ್ನು ಎಂಜಿನಿಯರುಗಳು ‘ಪ್ರಪೋರ್ಷನಲ್ ಟು ಆಬ್ಸಲ್ಯೂಟ್ ಟೆಂಪರೇಚರ್’ ಎಂಬುದನ್ನು ಚಿಕ್ಕದಾಗಿಸಿ ಮಾತಿನಲ್ಲಿ ‘ಪಿಟ್ಯಾಟ್’ ಎನ್ನುತ್ತಾರೆ. ನಾನು ‘ನಿರಪೇಕ್ಷ ತಾಪಾನುಪಾತಿ ವೋಲ್ಟೇಜ್’ ಎಂದು ಬರೆದಿದ್ದೇನೆ, ಆದರೆ ಬರೆದ ಮೇಲೆ ನನಗೇ ಅನುಮಾನ ಬಂದಿದೆ.

ಇನ್ನೊಂದು ತೊಡಕು ‘ವಿಭವಾಂತರ’ ಎಂಬ ಪದದ್ದು. ಶಾಲೆಯ ಪುಸ್ತಕಗಳಿಂದ ಬಂದ ಈ ಪದದೊಳಗೆ ಈಗಾಗಲೇ ಒಂದು ‘ಅಂತರ’ ಇದೆ. ಎರಡು ವಿಭವಾಂತರಗಳ ಅಂತರವನ್ನು ಹೇಳಹೊರಟರೆ ‘ವಿಭವಾಂತರಾಂತರ’ ಎಂಬ, ಓದುವವರು ಉಸಿರು ಕಟ್ಟಿ ನಿಲ್ಲುವ ಪದ ಹುಟ್ಟುತ್ತದೆ. ಆದ್ದರಿಂದ ಅಲ್ಲಿ ‘ವೋಲ್ಟೇಜುಗಳ ವ್ಯತ್ಯಾಸ’ ಎಂದೇ ಉಳಿಸಿಕೊಂಡಿದ್ದೇನೆ. ಇದು ಸರಿಯೇ?

ಕಳುಹಿಸಿದವರು: ನಿವೃತ್ತ ಕನ್ನಡ ಅಧ್ಯಾಪಕರು

ವ್ಯತ್ಯಾಸದ ಬಗ್ಗೆ ನಿಮ್ಮ ನಿರ್ಧಾರ ಸರಿಯಾಗಿದೆ. ಮೊದಲ ಪದದ ಬಗ್ಗೆ ಮಾತ್ರ ನನ್ನ ಆಕ್ಷೇಪವಿದೆ. ‘ನಿರಪೇಕ್ಷ’ ಎಂದರೆ ಇನ್ನೊಂದನ್ನು ಅಪೇಕ್ಷಿಸದ್ದು, ಅವಲಂಬಿಸದ್ದು. ‘ಅನುಪಾತಿ’ ಎಂದರೆ ಇನ್ನೊಂದನ್ನು ಅನುಸರಿಸುವಂಥದ್ದು. ಒಂದೇ ಪದಪುಂಜದಲ್ಲಿ ಇವೆರಡೂ ಬಂದರೆ ಓದುಗ ಗೊಂದಲಕ್ಕೆ ಬೀಳುತ್ತಾನೆ. ಅವನು ‘ನಿರಪೇಕ್ಷ’ವನ್ನು ತಾಪದ ಬದಲು ವೋಲ್ಟೇಜಿಗೆ ಅಂಟಿಸಿಕೊಂಡರೆ ಅರ್ಥವೇ ತಲೆಕೆಳಗಾಗುತ್ತದೆ. ತಾಪ ಏರಿದರೆ ವೋಲ್ಟೇಜೂ ಏರುತ್ತದೆ ಎಂಬುದಷ್ಟೇ ಹೇಳಬೇಕಾದ ವಿಷಯವಾದರೆ ‘ತಾಪಾನುಗಾಮಿ ವೋಲ್ಟೇಜ್’ ಸಾಕು. ಎರಡು ಟ್ರಾನ್ಸಿಸ್ಟರುಗಳಿಗೆ ಬೇರೆ ಬೇರೆ ಪ್ರವಾಹ ಕೊಡುವುದನ್ನು ‘ಭಿನ್ನ ಪ್ರವಾಹ’ ಎಂದರೆ ಮುಗಿಯಿತು. ‘ಸಾಂದ್ರತೆ’ ಎಂಬುದು ಅಲ್ಲಿ ಹೆಚ್ಚುವರಿ ಭಾರ ಎಂದು ನನಗೆ ತೋರುತ್ತದೆ.

ಕಳುಹಿಸಿದವರು: ಸರ್ಕ್ಯೂಟ್ ವಿನ್ಯಾಸಕ

ಅಧ್ಯಾಪಕರು ‘ನಿರಪೇಕ್ಷ’ದ ಬಗ್ಗೆ ಎತ್ತಿದ ಅನುಮಾನ ಅವರು ಅಂದುಕೊಂಡದ್ದಕ್ಕಿಂತಲೂ ಗಟ್ಟಿಯಾಗಿದೆ. ನಮ್ಮ ಕೆಲಸದಲ್ಲಿ ತಾಪ ಬದಲಾದರೂ ಬದಲಾಗದ ವೋಲ್ಟೇಜೂ ಒಂದಿದೆ. ಬ್ಯಾಂಡ್‌ಗ್ಯಾಪ್ ರೆಫರೆನ್ಸ್ ಎಂಬ ಸರ್ಕ್ಯೂಟು ಅದನ್ನು ಕೊಡುತ್ತದೆ. ಅದನ್ನು ಕನ್ನಡದಲ್ಲಿ ಯಾರಾದರೂ ‘ತಾಪನಿರಪೇಕ್ಷ ವೋಲ್ಟೇಜ್’ ಎಂದರೆ ತಪ್ಪು ಹುಡುಕಲಾಗದು. ಆಗ ಒಂದೇ ಪುಟದಲ್ಲಿ ‘ತಾಪನಿರಪೇಕ್ಷ’ ಮತ್ತು ‘ನಿರಪೇಕ್ಷ ತಾಪಾನುಪಾತಿ’ ಎರಡೂ ಬಂದು, ಒಂದಕ್ಕೊಂದು ವಿರುದ್ಧವಾದ ಗುಣಗಳಿಗೆ ಹೆಚ್ಚುಕಡಿಮೆ ಒಂದೇ ಹೆಸರು ನಿಲ್ಲುತ್ತದೆ.

ಆದರೆ ‘ತಾಪಾನುಗಾಮಿ’ಯನ್ನು ನಾನು ಒಪ್ಪಲಾರೆ. ಏರುವುದು ಬೇರೆ, ಅನುಪಾತದಲ್ಲಿರುವುದು ಬೇರೆ. ಈ ವೋಲ್ಟೇಜಿನ ಸಮೀಕರಣ ಹೀಗಿದೆ:

```
ΔVBE = (kT/q) · ln(J1/J2)
```

ಇಲ್ಲಿ T ಎಂದರೆ ಕೆಲ್ವಿನ್ ಮಾನದ ತಾಪ, J1 ಮತ್ತು J2 ಎರಡು ಕಡೆಯ ಪ್ರವಾಹ ಸಾಂದ್ರತೆಗಳು, k ಮತ್ತು q ಪ್ರಕೃತಿಯ ಸ್ಥಿರಾಂಕಗಳು. k/q ಭಾಗಲಬ್ಧ ಪ್ರತಿ ಕೆಲ್ವಿನ್‌ಗೆ 86.17 ಮೈಕ್ರೋವೋಲ್ಟ್. ಸಾಂದ್ರತೆಗಳ ನಿಷ್ಪತ್ತಿ 8 ಎಂದು ಇಟ್ಟುಕೊಂಡರೆ ಅದರ ಲಾಗರಿದಮ್ ಸುಮಾರು 2.08 ಆಗುತ್ತದೆ, ಆದ್ದರಿಂದ ವ್ಯತ್ಯಾಸವು ಪ್ರತಿ ಕೆಲ್ವಿನ್‌ಗೆ 0.1792 ಮಿಲಿವೋಲ್ಟ್‌ನಂತೆ ಏರುತ್ತದೆ. 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು 53.8 ಮಿಲಿವೋಲ್ಟ್. ಸೆಲ್ಸಿಯಸ್ ಅಂಕಿ ಇಮ್ಮಡಿಯಾಗಿ 54 ಆದಾಗ ಅದು 58.6ಕ್ಕೆ ಮಾತ್ರ ಹೋಗುತ್ತದೆ, ನೀರು ಮಂಜಾಗುವ ಸೊನ್ನೆ ಡಿಗ್ರಿಯಲ್ಲೂ 48.9 ಮಿಲಿವೋಲ್ಟ್ ಉಳಿದೇ ಇರುತ್ತದೆ. ಇಮ್ಮಡಿಯಾಗಬೇಕಾದರೆ ಕೆಲ್ವಿನ್ ಅಂಕಿಯೇ ಇಮ್ಮಡಿಯಾಗಬೇಕು. ಅನುಪಾತ ಎಂಬ ಮಾತಿಗೆ ಅರ್ಥ ಬರುವುದು ಕೆಲ್ವಿನ್ ಮಾನದಲ್ಲಿ ಮಾತ್ರ, ಹಾಗಾಗಿ ಆ ವಿಶೇಷಣವನ್ನು ಬಿಡುವಂತಿಲ್ಲ. ಎಲ್‌ಎಂ 35 ಎಂಬ ಸೆನ್ಸರ್ ಪ್ರತಿ ಡಿಗ್ರಿಗೆ 10 ಮಿಲಿವೋಲ್ಟ್ ಏರುತ್ತದೆ, ಆದರೆ ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೊನ್ನೆ ಕೊಡುತ್ತದೆ. ಎಲ್‌ಎಂ 335 ಕೂಡ ಅಷ್ಟೇ ವೇಗದಲ್ಲಿ ಏರುತ್ತದೆ, ಆದರೆ ಅದೇ ಸೊನ್ನೆ ಡಿಗ್ರಿಯಲ್ಲಿ ಸುಮಾರು 2.73 ವೋಲ್ಟ್ ಕೊಡುತ್ತದೆ. ಎರಡೂ ತಾಪಾನುಗಾಮಿಗಳೇ, ಪಿಟ್ಯಾಟ್ ಎನ್ನಿಸಿಕೊಳ್ಳುವ ಹಕ್ಕಿರುವುದು ಎರಡನೆಯದಕ್ಕೆ.

‘ಸಾಂದ್ರತೆ’ಯನ್ನೂ ದಯವಿಟ್ಟು ಬಿಡಬೇಡಿ. ಚಿಪ್ಪಿನೊಳಗೆ ಸಾಮಾನ್ಯವಾಗಿ ಎರಡೂ ಕಡೆಗೆ ಒಂದೇ ಪ್ರವಾಹವನ್ನು ಹರಿಸಿ, ಒಂದು ಕಡೆ ಒಂದು ಟ್ರಾನ್ಸಿಸ್ಟರನ್ನೂ ಇನ್ನೊಂದು ಕಡೆ ಅದರಂಥವೇ ಎಂಟನ್ನು ಜೊತೆಗೂಡಿಸಿಯೂ ಇಡುತ್ತಾರೆ. ಪ್ರವಾಹ ಭಿನ್ನವಲ್ಲ, ಅದು ಹಂಚಿಹೋಗುವ ಎಮಿಟರ್ ವಿಸ್ತೀರ್ಣ ಭಿನ್ನ. ಎಂಟೇ ಏಕೆ ಎಂದು ಹೊಸಬರು ಕೇಳುವುದುಂಟು. ಮೂರು ಸಾಲು ಮೂರು ಕಂಬದ ಒಂಬತ್ತು ಮನೆಗಳಲ್ಲಿ ನಡುಮನೆಗೆ ಒಂಟಿಯನ್ನು ಇಟ್ಟು ಸುತ್ತಲೂ ಎಂಟನ್ನು ಇಟ್ಟರೆ ಎರಡು ಗುಂಪುಗಳ ಕೇಂದ್ರ ಒಂದೇ ಆಗುತ್ತದೆ, ಚಿಪ್ಪಿನ ಒಂದು ಅಂಚು ಇನ್ನೊಂದಕ್ಕಿಂತ ಬಿಸಿಯಾಗಿದ್ದರೂ ಎರಡೂ ಗುಂಪಿನ ಸರಾಸರಿ ತಾಪ ಒಂದೇ ಇರುತ್ತದೆ. ‘ಭಿನ್ನ ಪ್ರವಾಹ’ ಎಂದು ಅನುವಾದಿಸಿದರೆ ಓದುಗ ಆ ಚಿತ್ರದಲ್ಲಿ ಇಲ್ಲದ ಎರಡನೆಯ ಪ್ರವಾಹವನ್ನು ಹುಡುಕುತ್ತಾ ಕೂರುತ್ತಾನೆ.

ಕಳುಹಿಸಿದವರು: ಹವ್ಯಾಸಿ

ನಮಸ್ಕಾರ. ಈ ವಿಧಾನದಿಂದ ತಪ್ಪು ಅಂಕಿ ಏಕೆ ಬರುತ್ತದೆ ಎಂಬುದೇ ಪ್ರಶ್ನೆ ಎಂದುಕೊಂಡು ನನ್ನ ಅನುಭವವನ್ನು ಬರೆಯುತ್ತಿದ್ದೇನೆ. ಒಂದೇ ನಂಬರಿನ ಎರಡು ಬಿಡಿ ಟ್ರಾನ್ಸಿಸ್ಟರುಗಳನ್ನು ಬ್ರೆಡ್‌ಬೋರ್ಡಿನಲ್ಲಿ ಪಕ್ಕಪಕ್ಕದಲ್ಲಿ ಇಟ್ಟು, ಒಂದಕ್ಕೆ 10, ಇನ್ನೊಂದಕ್ಕೆ 100 ಮೈಕ್ರೋಆಂಪಿಯರ್ ಕೊಟ್ಟೆ. ಕೋಣೆಯಲ್ಲಿ 27 ಡಿಗ್ರಿ ಇತ್ತು. ನಿಷ್ಪತ್ತಿ 10 ಆದ್ದರಿಂದ 59.5 ಮಿಲಿವೋಲ್ಟ್ ಬರಬೇಕಿತ್ತು, 66.0 ಬಂತು. ಅದನ್ನು ತಾಪಕ್ಕೆ ಪರಿವರ್ತಿಸಿದರೆ ಸುಮಾರು 60 ಡಿಗ್ರಿ ಆಗುತ್ತದೆ. ಟ್ರಾನ್ಸಿಸ್ಟರುಗಳು ಮುಟ್ಟಿದರೆ ಬಿಸಿಯೂ ಇರಲಿಲ್ಲ. ಹಾಗಾದರೆ ಇದನ್ನು ಅನುಪಾತ ಎಂದು ಹೇಗೆ ಕರೆಯುವುದು?

ಕಳುಹಿಸಿದವರು: ಸರ್ಕ್ಯೂಟ್ ವಿನ್ಯಾಸಕ

ಪ್ರಶ್ನೆ ಪದದ್ದಾಗಿದ್ದರೂ ನಿಮ್ಮ ಅಳತೆ ಈ ಚರ್ಚೆಗೆ ಸರಿಯಾಗಿಯೇ ಹೊಂದುತ್ತದೆ. ಮೇಲಿನ ಸಮೀಕರಣ ಎರಡೂ ಟ್ರಾನ್ಸಿಸ್ಟರುಗಳ ಸ್ಯಾಚುರೇಶನ್ ಪ್ರವಾಹ ಒಂದೇ ಎಂದು ನಂಬಿಕೊಂಡಿದೆ. ಬಿಡಿಯಾಗಿ ಕೊಂಡವುಗಳಲ್ಲಿ, ನಂಬರು ಒಂದೇ ಆದರೂ, ಈ ನಂಬಿಕೆ ನಿಲ್ಲುವುದಿಲ್ಲ. ಟ್ರಾನ್ಸಿಸ್ಟರುಗಳನ್ನು ಕದಲಿಸದೆ ಪ್ರವಾಹಗಳನ್ನು ಮಾತ್ರ ಅದಲುಬದಲು ಮಾಡಿ, ಇನ್ನೊಮ್ಮೆ ಅಳೆದು ನೋಡುತ್ತೀರಾ? ಜೊತೆಗೆ ಎರಡನ್ನೂ ಒಂದೇ ತಾಮ್ರದ ತುಂಡಿಗೆ ಒತ್ತಿ ಕಟ್ಟಿಯೂ ಅಳೆಯಿರಿ. ಒಂದು ಇನ್ನೊಂದಕ್ಕಿಂತ 3 ಡಿಗ್ರಿ ಬೆಚ್ಚಗಿದ್ದರೂ 6 ಮಿಲಿವೋಲ್ಟ್ ತಪ್ಪು ಬರುತ್ತದೆ. ಏಕೆಂದರೆ ಬಿಡಿಬಿಡಿಯಾಗಿ ನೋಡಿದರೆ ಬೇಸ್–ಎಮಿಟರ್ ವೋಲ್ಟೇಜು ಪ್ರತಿ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ.

ಕಳುಹಿಸಿದವರು: ಹವ್ಯಾಸಿ

ತಾಮ್ರಕ್ಕೆ ಕಟ್ಟಿದರೂ 66.0ರಲ್ಲಿ ಬದಲಾವಣೆ ಇಲ್ಲ. ಪ್ರವಾಹಗಳನ್ನು ಅದಲುಬದಲು ಮಾಡಿದಾಗ 53.0 ಬಂತು. ಎರಡರ ಸರಾಸರಿ 59.5.

ಕಳುಹಿಸಿದವರು: ಸರ್ಕ್ಯೂಟ್ ವಿನ್ಯಾಸಕ

ಹಾಗಾದರೆ ತಾಪದ ವ್ಯತ್ಯಾಸ ಕಾರಣವಲ್ಲ. 6.5 ಮಿಲಿವೋಲ್ಟ್‌ನ ತಪ್ಪಿಗೆ ಎರಡು ಸ್ಯಾಚುರೇಶನ್ ಪ್ರವಾಹಗಳ ನಡುವೆ ಸುಮಾರು 29 ಪ್ರತಿಶತ ವ್ಯತ್ಯಾಸ ಇರಬೇಕು, ಅಷ್ಟು ಇರುವುದು ಅಸಹಜವಲ್ಲ. ನಿಮ್ಮ ನಿಷ್ಪತ್ತಿ 10 ಎಂದು ನೀವು ಎಣಿಸಿದ್ದಿರಿ. ಮೊದಲ ಜೋಡಣೆಯಲ್ಲಿ ಅದು ನಿಜವಾಗಿ 12.9ರ ಹಾಗೆ ವರ್ತಿಸಿತು. ಒಂದೇ ಟ್ರಾನ್ಸಿಸ್ಟರಿಗೆ ಎರಡು ಪ್ರವಾಹಗಳನ್ನು ಒಂದಾದ ಮೇಲೊಂದು ಕೊಟ್ಟು ಅಳೆದರೆ ಈ ತೊಂದರೆ ಬುಡಸಹಿತ ಹೋಗುತ್ತದೆ.

ಈಗ ಪದಕ್ಕೆ ಬರುತ್ತೇನೆ. ನಿಮ್ಮ 66.0 ತಪ್ಪಾದ ಅಂಕಿ, ಆದರೂ ಅನುಪಾತದಲ್ಲೇ ಇದೆ. ಲಾಗರಿದಮಿನೊಳಗಿನ ಸಂಖ್ಯೆ ಬದಲಾದದ್ದರಿಂದ ಗೆರೆಯ ಓಟ ಕಡಿದಾಯಿತು. ಗೆರೆ ಹೊರಡುವುದು ಮಾತ್ರ ಸೊನ್ನೆ ಕೆಲ್ವಿನ್‌ನಿಂದಲೇ. ಇಂಥ ತಪ್ಪನ್ನು ಒಂದು ತಾಪದಲ್ಲಿ ಅಳೆದು, ಒಂದು ಗುಣಕದಿಂದ ಸರಿಪಡಿಸಬಹುದು. ಆಂಪ್ಲಿಫಯರಿನ ಆಫ್‌ಸೆಟ್ ಹೀಗಲ್ಲ. ಮೊದಲು ಹೇಳಿದ 8ರ ನಿಷ್ಪತ್ತಿಯ ಸರ್ಕ್ಯೂಟಿನಲ್ಲಿ 1 ಮಿಲಿವೋಲ್ಟ್ ಆಫ್‌ಸೆಟ್ ಸೇರಿಕೊಂಡರೆ ಎಲ್ಲ ತಾಪದಲ್ಲೂ ಸುಮಾರು 5.6 ಕೆಲ್ವಿನ್ ತಪ್ಪು ತೋರಿಸುತ್ತದೆ, ಗೆರೆ ಸೊನ್ನೆಯ ಮೂಲಕ ಹಾಯುವುದನ್ನು ಬಿಡುತ್ತದೆ. ಅದು ಏರುತ್ತದೆ, ಸರಳರೇಖೆಯೂ ಹೌದು, ಆದರೆ ಅನುಪಾತದಲ್ಲಿಲ್ಲ. ಎರಡು ತಾಪಗಳಲ್ಲಿ ಅಳೆದು ಗೆರೆಯನ್ನು ಹಿಂದಕ್ಕೆ ಎಳೆದರೆ ಯಾವ ರೋಗ ಎಂದು ತಿಳಿಯುತ್ತದೆ. ಈ ಭೇದವನ್ನು ‘ಅನುಗಾಮಿ’ ನುಂಗಿಹಾಕುತ್ತದೆ, ‘ಅನುಪಾತಿ’ ಉಳಿಸಿಕೊಳ್ಳುತ್ತದೆ.

ಕಳುಹಿಸಿದವರು: ನಿವೃತ್ತ ಕನ್ನಡ ಅಧ್ಯಾಪಕರು

‘ಅನುಗಾಮಿ’ಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ‘ಸಾಂದ್ರತೆ’ಯ ಬಗೆಗಿನ ಮಾತನ್ನೂ. ‘ನಿರಪೇಕ್ಷ’ದ ಜಾಗದಲ್ಲಿ ‘ಪರಮ’ ಎಂದರೆ ಹೇಗೆ? ‘ಪರಮ ಶೂನ್ಯ’ ಎಂಬ ಬಳಕೆ ಇರುವುದರಿಂದ ‘ಪರಮತಾಪಾನುಪಾತಿ’ ಕಿವಿಗೆ ಹೊಸದೆನಿಸದು. ಇನ್ನು, ತಾಪದೊಂದಿಗೆ ಇಳಿಯುವ ಬೇಸ್–ಎಮಿಟರ್ ವೋಲ್ಟೇಜಿಗೆ ‘ಪರಮತಾಪ ವಿಲೋಮಾನುಪಾತಿ’ ಎಂಬ ಜೋಡಿಪದ ತಾನಾಗಿ ಸಿಗುತ್ತದೆ.

ಕಳುಹಿಸಿದವರು: ಸರ್ಕ್ಯೂಟ್ ವಿನ್ಯಾಸಕ

ಜೋಡಿಪದ ಮಾತ್ರ ಬೇಡ. ವಿಲೋಮಾನುಪಾತ ಎಂದರೆ ತಾಪ ಇಮ್ಮಡಿಯಾದಾಗ ವೋಲ್ಟೇಜು ಅರ್ಧವಾಗಬೇಕು. ಬೇಸ್–ಎಮಿಟರ್ ವೋಲ್ಟೇಜು ಹಾಗೆ ನಡೆಯುವುದಿಲ್ಲ. ಸೊನ್ನೆ ಕೆಲ್ವಿನ್ ಕಡೆಗೆ ಗೆರೆಯನ್ನು ಚಾಚಿದರೆ ಸುಮಾರು 1.2 ವೋಲ್ಟ್ ಬಳಿ ಮುಟ್ಟಿ, ಅಲ್ಲಿಂದ ಹೆಚ್ಚುಕಡಿಮೆ ನೇರವಾಗಿ ಇಳಿಯುತ್ತದೆ. ಅದನ್ನು ಪೂರಕ ಎನ್ನುವುದು ವಾಡಿಕೆ, ಏಕೆಂದರೆ ಏರುವ ಪಿಟ್ಯಾಟ್ ವೋಲ್ಟೇಜನ್ನು ಸರಿಯಾದಷ್ಟು ಹಿಗ್ಗಿಸಿ ಇದಕ್ಕೆ ಕೂಡಿಸಿದಾಗಲೇ ಬ್ಯಾಂಡ್‌ಗ್ಯಾಪ್ ರೆಫರೆನ್ಸಿನ ಸ್ಥಿರ ವೋಲ್ಟೇಜು ಸಿಗುವುದು.

ಕಳುಹಿಸಿದವರು: ಅನುವಾದಕಿ

ಎಲ್ಲರಿಗೂ ವಂದನೆಗಳು. ಕರಡಿನಲ್ಲಿ ‘ಪರಮತಾಪಾನುಪಾತಿ ವೋಲ್ಟೇಜ್’ ಎಂದು ತಿದ್ದಿದ್ದೇನೆ. ಮೊದಲ ಬಾರಿ ಬರುವಲ್ಲಿ ‘ಕೆಲ್ವಿನ್ ಮಾನದ ತಾಪಕ್ಕೆ ನೇರ ಅನುಪಾತದಲ್ಲಿರುವ’ ಎಂದು ಬಿಡಿಸಿ ಬರೆಯುತ್ತೇನೆ. ‘ಪ್ರವಾಹ ಸಾಂದ್ರತೆ’ ಇದ್ದಹಾಗೆಯೇ ಇರುತ್ತದೆ. ಇಳಿಯುವ ವೋಲ್ಟೇಜಿಗೆ ‘ಪರಮತಾಪ ಪೂರಕ’ ಎಂದರೆ ತಾಪವನ್ನೇ ಪೂರೈಸುವ ಏನೋ ಒಂದು ಎಂಬ ಅರ್ಥ ಬರುವುದರಿಂದ ಅದನ್ನು ಇನ್ನೂ ಒಪ್ಪಿಕೊಳ್ಳಲಾಗಿಲ್ಲ. ‘ತಾಪಾವರೋಹಿ’ ಎಂಬುದನ್ನು ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡಿದ್ದೇನೆ, ಆ ಅಧ್ಯಾಯ ಅಚ್ಚಿಗೆ ಹೋಗುವ ಮೊದಲು ಅದಕ್ಕಿಂತ ಒಳ್ಳೆಯದು ಯಾರಿಗಾದರೂ ಹೊಳೆದರೆ ತಿಳಿಸಿ.