ಹಣದ ಪೂರೈಕೆ 100 ಹೆಚ್ಚಿಸಿದೆ, ಬಡ್ಡಿದರ 2 ಮತ್ತು 4ರ ನಡುವೆ ಓಡಾಡುತ್ತಿದೆ (ಐಎಸ್-ಎಲ್‌ಎಂ)

ಗೆರೆಮೇಲ್ಗೆರೆ:
ಮೂರು ದಿನದಿಂದ ಇದೊಂದೇ ಲೆಕ್ಕದ ಮುಂದೆ ಕೂತಿದ್ದೇನೆ, ತಲೆ ಕೆಟ್ಟುಹೋಗಿದೆ. ಮೊದಲು ಉತ್ಪನ್ನ 2100, ಬಡ್ಡಿದರ ಶೇ. 4. ಹಣದ ಪೂರೈಕೆಯನ್ನು 100 ಹೆಚ್ಚಿಸಿದೆ. ಹಣದ ಮಾರುಕಟ್ಟೆಯ ಎಲ್‌ಎಂ ರೇಖೆಯನ್ನು ಸರಿಯಾಗಿಯೇ ಸರಿಸಿದ್ದೇನೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಸ್ಪ್ರೆಡ್‌ಶೀಟ್ ಹಾಳೆಯಲ್ಲಿ ಉತ್ತರ ನಿಲ್ಲುತ್ತಿಲ್ಲ. ಒಂದು ಸಾಲಿನಲ್ಲಿ 2300, ಮುಂದಿನ ಸಾಲಿನಲ್ಲಿ 2100, ಮತ್ತೆ 2300. ಪುಸ್ತಕದ ಹಿಂದೆ 2200 ಮತ್ತು ಶೇ. 3 ಅಂತ ಕೊಟ್ಟಿದ್ದಾರೆ. ಅದು ಎಲ್ಲಿಂದ ಬಂತು? ಯಾರಾದರೂ ದಯವಿಟ್ಟು ಹೇಳಿ.

ಸೊನ್ನೆಬಡ್ಡಿ:
ಬೆಲೆಮಟ್ಟ ಎಷ್ಟು ಇಟ್ಟಿದ್ದೀರಿ? ಇಂಥ ಲೆಕ್ಕದಲ್ಲಿ ತಪ್ಪು ಮುಕ್ಕಾಲು ಪಾಲು ಅಲ್ಲೇ ಇರುತ್ತದೆ. ಹಣ ಜಾಸ್ತಿಯಾದರೆ ಬೆಲೆ ಏರುತ್ತದೆ, ಕೈಯಲ್ಲಿರುವ ಹಣದ ನಿಜವಾದ ಬೆಲೆ ಇಳಿಯುತ್ತದೆ, ಎಲ್‌ಎಂ ವಾಪಸ್ ಬರುತ್ತದೆ. ನಿಮ್ಮ 2100 ಮತ್ತು 4 ಅದೇ. ಶುರುವಾದ ಜಾಗಕ್ಕೇ ಬಂದು ನಿಂತಿದೆ ನೋಡಿ.

ಗೆರೆಮೇಲ್ಗೆರೆ:
ನಿಂತಿಲ್ಲ ಸರ್, ಅದೇ ತೊಂದರೆ. ಅಲ್ಲಿಂದ ಮತ್ತೆ 2300ಕ್ಕೆ ಹೋಗುತ್ತದೆ. 40 ಸಾಲು ಎಳೆದಿದ್ದೇನೆ, ಪೂರ್ತಿ ಹೀಗೇ.

ಸೊನ್ನೆಬಡ್ಡಿ:
ಹಾಗಾದರೆ 500 ಸಾಲು ಎಳೆಯಿರಿ. ಬೆಲೆ ಹೊಂದಿಕೊಳ್ಳಲು ಸಮಯ ಬೇಕು.

ನಿಧಾನಿ:
ಸಾಲು ಎಳೆಯುವ ಮುಂಚೆ ಒಂದು ಮಾತು. "ಸಾಲು" ಅಂದರೆ ಯಾವ ಸಾಲು? ಈ ಲೆಕ್ಕಕ್ಕೆ ಸಾಲುಗಳೇ ಬೇಡ, ಎರಡು ಸಮೀಕರಣ ಒಟ್ಟಿಗೆ ಬಿಡಿಸಿದರೆ ಮುಗಿಯಿತು. ನೀವು ಹಾಳೆಯಲ್ಲಿ ಏನು ಬರೆದಿದ್ದೀರೋ ಅದನ್ನು ಇಲ್ಲಿ ಹಾಕಿ. ಸಮೀಕರಣಗಳನ್ನೂ ಹಾಕಿ, ಇಲ್ಲದಿದ್ದರೆ ನಾವೆಲ್ಲ ಕತ್ತಲಲ್ಲಿ ತಡಕಾಡುತ್ತಿರುತ್ತೇವೆ.

ಗೆರೆಮೇಲ್ಗೆರೆ:
ಕ್ಷಮಿಸಿ, ಎಲ್ಲರಿಗೂ ಗೊತ್ತಿರುತ್ತದೆ ಅಂದುಕೊಂಡೆ. ಬೆಲೆಮಟ್ಟ 1, ಬದಲಾಗುವುದಿಲ್ಲ. Y ಉತ್ಪನ್ನ, C ಬಳಕೆ, I ಹೂಡಿಕೆ, G ಸರ್ಕಾರದ ಖರ್ಚು, M ಹಣ, r ಬಡ್ಡಿದರ. r ಶೇಕಡಾದಲ್ಲಿದೆ.

```
C = 150 + 0.8*(Y - 150)
I = 300 - 20*r
G = 170
M = 0.5*Y - 50*r      (M: 850 -> 950)
```

Y = C + I + G ಬಿಡಿಸಿದರೆ Y = 2500 - 100*r, ಇದೇ ಐಎಸ್ ರೇಖೆ. ಹಾಳೆಯಲ್ಲಿ ಪ್ರತಿ ಸಾಲೂ ಹೀಗಿದೆ. B ಅಂಕಣ ಬಡ್ಡಿದರ, C ಅಂಕಣ ಉತ್ಪನ್ನ. C1ರಲ್ಲಿ 2100 ಇಟ್ಟು ಶುರು ಮಾಡಿದ್ದೇನೆ.

```
B2: =(0.5*C1-950)/50
C2: =2500-100*B2
```

ಚಿತ್ರಗಾರ:
ಇದಕ್ಕೆ ಹಾಳೆ ಯಾಕೆ? ನಾನು ಜಿಯೋಜೀಬ್ರಾದಲ್ಲಿ ಎರಡೂ ರೇಖೆ ಹಾಕಿ ಹಣದ ಪೂರೈಕೆಗೆ ಒಂದು ಸ್ಲೈಡರ್ ಇಟ್ಟಿದ್ದೇನೆ. ಇನ್ನೊಂದು ಪರದೆಯಲ್ಲಿ ಹಣದ ಮಾರುಕಟ್ಟೆ, ಅದರ ಕೆಳಗೆ ಹೂಡಿಕೆಯ ರೇಖೆ, ಮೂರೂ ಒಂದೇ ಸಲ ಸರಿಯುತ್ತವೆ. 850ರಿಂದ 950ಕ್ಕೆ ಎಳೆದೆ. ಎಲ್‌ಎಂ 2 ಅಂಕ ಕೆಳಗೆ ಬಂತು, ಹೊಸ ಕೂಡುಬಿಂದು ಸರಿಯಾಗಿ 3 ಮತ್ತು 2200. ನಿಮ್ಮ ಪುಸ್ತಕ ಸರಿ.

ಸೊನ್ನೆಬಡ್ಡಿ:
ಎಲ್‌ಎಂ ಕೆಳಗೆ ಬರುವುದಿಲ್ಲ, ಬಲಕ್ಕೆ ಹೋಗುತ್ತದೆ. ಹಣ ಹೆಚ್ಚಾದರೆ ಬಲಕ್ಕೆ ಅಂತಲೇ ಹೇಳುವುದು.

ಚಿತ್ರಗಾರ:
ನನ್ನ ಪರದೆಯಲ್ಲಿ ಕೆಳಗೆ ಬಂದದ್ದು ಕಣ್ಣಿಗೆ ಕಾಣುತ್ತಿದೆ ಸ್ವಾಮಿ.

ಸೊನ್ನೆಬಡ್ಡಿ:
ಪರದೆ ನೋಡಿ ಅರ್ಥಶಾಸ್ತ್ರ ಕಲಿಯುವುದಲ್ಲ.

ನಿಧಾನಿ:
ಇಬ್ಬರೂ ಒಂದೇ ಮಾತು ಹೇಳುತ್ತಿದ್ದೀರಿ. ಓರೆಯಾಗಿರುವ ಗೆರೆಯನ್ನು 200 ಬಲಕ್ಕೆ ತಳ್ಳಿದರೂ, 2 ಅಂಕ ಕೆಳಗೆ ಇಳಿಸಿದರೂ ಅದು ಹೋಗಿ ಕೂರುವ ಜಾಗ ಒಂದೇ. ಆದರೆ ಗೆರೆಮೇಲ್ಗೆರೆ ಅವರ ತೊಂದರೆ ಇಲ್ಲೇ ಇದೆ. ಗೆರೆ ಎಷ್ಟು ಸರಿಯಿತು ಅನ್ನುವುದು ಬೇರೆ, ಕೂಡುಬಿಂದು ಎಷ್ಟು ಸರಿಯಿತು ಅನ್ನುವುದು ಬೇರೆ. ಗೆರೆ ಸರಿದದ್ದು 200 ಮತ್ತು 2. ಕೂಡುಬಿಂದು ಸರಿದದ್ದು 100 ಮತ್ತು 1. ಉಳಿದರ್ಧ ಎಲ್ಲಿ ಹೋಯಿತು ಅನ್ನುವುದೇ ಈ ಮಾದರಿಯ ಜೀವ.

ನಿಮ್ಮ ಹಾಳೆಯ ಮೊದಲ ಸಾಲನ್ನೇ ನೋಡೋಣ. ಉತ್ಪನ್ನ ಇನ್ನೂ 2100 ಇದೆ, ಹಣ 950 ಆಗಿದೆ. ಜನರ ಕೈಯಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಹಣ ಬಂತು. ಅದರಲ್ಲಿ ಬಾಂಡ್ ಕೊಳ್ಳುತ್ತಾರೆ, ಬಾಂಡ್ ಬೆಲೆ ಏರುತ್ತದೆ, ಬಡ್ಡಿದರ ಇಳಿಯುತ್ತದೆ. ಎಲ್ಲಿವರೆಗೆ? ಶೇ. 2ರವರೆಗೆ. ಇಲ್ಲಿಯವರೆಗೆ ನಿಮ್ಮ ಲೆಕ್ಕ ಸರಿ. ಆ 2 ಸುಳ್ಳಲ್ಲ, ಅದು ಮೊದಲ ದಿನದ ಬಡ್ಡಿದರ.

ತಪ್ಪಾದದ್ದು ಅದರ ಪಕ್ಕದ ಕೋಶದಲ್ಲಿ. ಬಡ್ಡಿದರ 2 ಆಯಿತು ಅಂತ ಉತ್ಪನ್ನವನ್ನು ಒಂದೇ ನೆಗೆತಕ್ಕೆ 2300ಕ್ಕೆ ಕಳಿಸಿದಿರಿ. ಅಷ್ಟು ದೂರ ಹೋಗುವಾಗ ಬಡ್ಡಿದರ 2ರಲ್ಲೇ ಕಾಯುತ್ತಾ ಕೂತಿರುತ್ತದೆ ಅಂತ ಲೆಕ್ಕ ಹಾಕಿದ ಹಾಗಾಯಿತು. ಅದು ಕಾಯುವುದಿಲ್ಲ. ಉತ್ಪನ್ನ ಹೆಚ್ಚಾದಂತೆ ವಹಿವಾಟಿಗೆ ಹಣ ಬೇಕು, ಬಡ್ಡಿದರ ದಾರಿಯುದ್ದಕ್ಕೂ ಏರುತ್ತಿರುತ್ತದೆ, ಹೂಡಿಕೆ ಅಷ್ಟಷ್ಟೇ ಕುಗ್ಗುತ್ತದೆ.

ನಿಮ್ಮ ಎರಡು ಕೋಶಗಳನ್ನು ಒಂದು ಮಾಡಿದರೆ ಹೀಗಾಗುತ್ತದೆ:

```
ಹೊಸ r = 6 - ಹಳೆಯ r
```

2 ಹಾಕಿದರೆ 4, 4 ಹಾಕಿದರೆ 2. 500 ಅಲ್ಲ, 5000 ಸಾಲು ಎಳೆದರೂ ಹೀಗೇ. ಇದರಲ್ಲಿ ತಾನೇ ತಾನಾಗಿ ಉಳಿಯುವ ಸಂಖ್ಯೆ ಒಂದೇ ಒಂದು, ಅದು 3.

ಸೊನ್ನೆಬಡ್ಡಿ:
ನಾನು ಹೇಳಿದ್ದು ಪೂರ್ತಿ ತಪ್ಪಲ್ಲ. ಕೊನೆಗೆ ಬೆಲೆ ಏರಿಯೇ ಏರುತ್ತದೆ.

ನಿಧಾನಿ:
ಒಪ್ಪುತ್ತೇನೆ. 2100 ಸಹಜ ಮಟ್ಟವಾಗಿದ್ದರೆ ಬೆಲೆ ಹತ್ತಿರಹತ್ತಿರ ಶೇ. 12ರಷ್ಟು ಏರಿದಾಗ 950ರ ಬೆಲೆ 850ರಷ್ಟೇ ಆಗುತ್ತದೆ, ಎಲ್‌ಎಂ ಹಳೆಯ ಜಾಗಕ್ಕೆ ಬರುತ್ತದೆ. ಆದರೆ ಅದು ಬಂದರೆ ಅಲ್ಲೇ ಉಳಿಯುತ್ತದೆ, ಮತ್ತೆ 2300ಕ್ಕೆ ಜಿಗಿಯುವುದಿಲ್ಲ. ಇವರ ಹಾಳೆಯಲ್ಲಿ ಬೆಲೆಯ ಕೋಶವೇ ಇಲ್ಲ. 2100 ಮತ್ತು 4 ಮತ್ತೆ ಕಾಣಿಸಿದ್ದು ಈ ಸಂಖ್ಯೆಗಳ ಕಾಕತಾಳೀಯ.

ಬ್ಯಾಂಕ್‌ಮೇಜು:
ನಾನು ಸಾಲದ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದವನು. ಇಷ್ಟೆಲ್ಲ ಯಾಕೆ ಎಳೆದಾಡುತ್ತಿದ್ದೀರಿ ಗೊತ್ತಾಗುತ್ತಿಲ್ಲ. ಕೇಂದ್ರ ಬ್ಯಾಂಕು ಹಣದ ಪ್ರಮಾಣ ಹಿಡಿದು ಕೂರುವುದಿಲ್ಲ, ಬಡ್ಡಿದರವನ್ನೇ ಹೇಳುತ್ತದೆ. ಶೇ. 2 ಅಂದರೆ 2. ನಮ್ಮ ಮೇಜಿಗೆ ಬರುತ್ತಿದ್ದದ್ದು ದರ, ಪೂರೈಕೆ ಅಲ್ಲ. ಆಗ ಉತ್ಪನ್ನ 2300ವೇ ಸರಿ ಅಲ್ವಾ?

ನಿಧಾನಿ:
ಸರ್, ಅದು ಬೇರೆ ಪ್ರಶ್ನೆ, ಆದರೆ ಒಳ್ಳೆಯ ಪ್ರಶ್ನೆ. ಬಡ್ಡಿದರವನ್ನು 2ರಲ್ಲೇ ಹಿಡಿದಿಟ್ಟರೆ ಎಲ್‌ಎಂ ಅಡ್ಡಗೆರೆಯಾಗುತ್ತದೆ, ಉತ್ಪನ್ನ 2300 ಆಗುತ್ತದೆ. ಆದರೆ ಆಗ ಜನ ಕೇಳುವ ಹಣ 2300ರ ಅರ್ಧ, ಅಂದರೆ 1150, ಅದರಲ್ಲಿ 100 ಕಳೆದು 1050. ಬ್ಯಾಂಕು 100 ಅಲ್ಲ, 200 ಹಣ ಬಿಡಬೇಕು. ಇವರ ಲೆಕ್ಕದಲ್ಲಿ ಬಿಟ್ಟಿರುವುದು 100 ಮಾತ್ರ.

ಪ್ರಮಾಣ ಹಿಡಿದು ನೋಡಿದವರೂ ಇದ್ದಾರೆ. 1979ರ ಅಕ್ಟೋಬರ್‌ನಲ್ಲಿ ಪಾಲ್ ವೋಲ್ಕರ್ ಕಾಲದ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್, ಬ್ಯಾಂಕುಗಳ ಮೀಸಲು ಹಣದ ಮೇಲೆ ಗುರಿಯಿಟ್ಟು, ಬಡ್ಡಿದರವನ್ನು ಅದರ ಪಾಡಿಗೆ ಬಿಟ್ಟಿತು. ದರ ವಿಪರೀತ ಏರಿಳಿಯಿತು. 1982ರಲ್ಲಿ ಆ ದಾರಿ ಬಿಟ್ಟರು.

ಬ್ಯಾಂಕ್‌ಮೇಜು:
ಹಾಗಿದ್ದ ಮೇಲೆ ಪುಸ್ತಕಗಳು ಇನ್ನೂ ಪ್ರಮಾಣ ಹಿಡಿದೇ ಯಾಕೆ ಕಲಿಸುತ್ತವೆ? ನನಗೆ ಇದು ಒಪ್ಪಿಗೆ ಇಲ್ಲ.

ಚಿತ್ರಗಾರ:
1937ರಲ್ಲಿ ಅರ್ಥಶಾಸ್ತ್ರಜ್ಞ ಹಿಕ್ಸ್ ಆ ಎರಡು ರೇಖೆ ಎಳೆದಾಗಿನಿಂದ ಹಾಗೇ ಬಂದಿದೆ. ಚಿತ್ರ ಚೆನ್ನಾಗಿ ಬರುತ್ತದೆ, ಅದಕ್ಕೇ ಉಳಿದಿದೆ ಅನ್ನುವುದು ನನ್ನ ಅಭಿಪ್ರಾಯ.

ಗೆರೆಮೇಲ್ಗೆರೆ:
ನಿಧಾನಿ ಮೇಡಂ, 3 ಯಾಕೆ ಅಂತ ಅರ್ಥವಾಯಿತು. ಆದರೆ ನನಗೆ ಸಾಲುಗಳು ಬೇಕು. ಬಡ್ಡಿದರ ಮೊದಲು ಬಿದ್ದು ಆಮೇಲೆ ಏರುವುದು ಕಣ್ಣಿಗೆ ಕಾಣಬೇಕು. ಹೇಗೆ ಬರೆಯಲಿ?

ನಿಧಾನಿ:
ಬಡ್ಡಿದರದ ಕೋಶ ಹಾಗೇ ಇರಲಿ, ಹಣದ ಮಾರುಕಟ್ಟೆ ಬೇಗ ಹೊಂದಿಕೊಳ್ಳುತ್ತದೆ. ಉತ್ಪನ್ನದ ಕೋಶ ಮಾತ್ರ ಬದಲಿಸಿ. ಈ ಸಾಲಿನಲ್ಲಿ ಜನ ಎಷ್ಟು ಖರ್ಚು ಮಾಡಬೇಕೆಂದಿದ್ದಾರೋ ಅಷ್ಟನ್ನೇ ಉದ್ಯಮಗಳು ತಯಾರಿಸುತ್ತವೆ ಅಂತ ಬರೆಯಿರಿ:

```
B2: =(0.5*C1-950)/50
C2: =500+0.8*C1-20*B2
```

ಮೊದಲ ಸಾಲಿನಲ್ಲಿ ಉತ್ಪನ್ನ 2100, ಬಡ್ಡಿದರ 2. ಖರ್ಚು 500 + 1680 − 40, ಅಂದರೆ 2140. ತಯಾರಾದದ್ದು 2100 ಮಾತ್ರ. ಉಳಿದ 40 ಗೋದಾಮಿನ ದಾಸ್ತಾನಿನಿಂದ ಹೋಗುತ್ತದೆ. ದಾಸ್ತಾನು ಇಳಿದದ್ದು ನೋಡಿ ಉದ್ಯಮ ಉತ್ಪಾದನೆ ಹೆಚ್ಚಿಸುತ್ತದೆ. ಉಳಿದ ಸಾಲು ನೀವೇ ಎಳೆದು ನೋಡಿ.

ಗೆರೆಮೇಲ್ಗೆರೆ:
ಎಳೆದೆ. ಉತ್ಪನ್ನ 2140, 2164, 2178.4, ಹೀಗೆ 2200ರ ಕಡೆಗೆ. ಬಡ್ಡಿದರ 4ರಿಂದ ಒಮ್ಮೆಗೇ 2ಕ್ಕೆ ಬಿದ್ದು, 2.4, 2.64, 2.784 ಅಂತ ಏರಿ 3ರ ಹತ್ತಿರ ನಿಲ್ಲುತ್ತದೆ. ಎರಡೂ ಅಂಕಣಕ್ಕೆ ಗ್ರಾಫ್ ಹಾಕಿದೆ. ಬಡ್ಡಿದರದ ಗೆರೆ ಆಳಕ್ಕೆ ಇಳಿದು ಹೊಸ ಎಲ್‌ಎಂ ಮೇಲೇ ಹತ್ತಿಕೊಂಡು ಬರುತ್ತಿದೆ. ಮೂರು ದಿನದಲ್ಲಿ ಮೊದಲ ಸಲ ಸಮಾಧಾನವಾಯಿತು.

ಇನ್ನೊಂದು ಪರೀಕ್ಷೆ ಮಾಡಿದೆ. ಹೂಡಿಕೆಯಲ್ಲಿ 20ರ ಬದಲು 30 ಹಾಕಿ, ಹಳೆಯ ಹಾಳೆಯ ಐಎಸ್ ಕೋಶವನ್ನೂ ಅದಕ್ಕೆ ತಕ್ಕಂತೆ ತಿದ್ದಿ, ಅದರ ಹಳೆಯ ಕೂಡುಬಿಂದು 2020ರಿಂದಲೇ ಶುರು ಮಾಡಿದೆ. ಬಡ್ಡಿದರ 1.2, 4.2, ಆಮೇಲೆ −0.3! ಹೊಸ ಹಾಳೆಯಲ್ಲಿ ಮಾತ್ರ ಸುಮ್ನೆ ಹೋಗಿ 2.4ರಲ್ಲಿ ನಿಂತಿತು, ಉತ್ಪನ್ನ 2140.

ನಿಧಾನಿ:
ಸರಿಯಾಗಿದೆ. ಹಳೆಯ ಹಾಳೆಯ ಪ್ರತಿ ನೆಗೆತವೂ ಈಗ ಹಿಂದಿನದಕ್ಕಿಂತ ಒಂದೂವರೆ ಪಟ್ಟು ದೊಡ್ಡದು, ಅದಕ್ಕೇ ಕೈಮೀರಿ ಹೋಗುತ್ತದೆ. ಆರ್ಥಿಕತೆ ಕೆಟ್ಟಿದೆ ಅಂತಲ್ಲ, ಲೆಕ್ಕ ಹಾಕಿದ ದಾರಿ ಕೆಟ್ಟಿದೆ. ಇನ್ನೊಂದು ಗಮನಿಸಿ. ಅದೇ 100 ಹಣಕ್ಕೆ ಮೊದಲು ಉತ್ಪನ್ನ 100 ಏರಿತ್ತು, ಈಗ 120. ಬಡ್ಡಿದರ ಇಳಿದದ್ದು ಮಾತ್ರ 1 ಅಲ್ಲ, 0.8. ಹೂಡಿಕೆ ಬಡ್ಡಿಗೆ ಜಾಸ್ತಿ ಸ್ಪಂದಿಸಿದಷ್ಟೂ ಕಡಿಮೆ ಇಳಿಕೆಯಲ್ಲೇ ಹೆಚ್ಚು ಕೆಲಸವಾಗುತ್ತದೆ.

ಸೊನ್ನೆಬಡ್ಡಿ:
ಬೆಲೆಗೂ ಒಂದು ಅಂಕಣ ಸೇರಿಸಿ ನೋಡಿ ಅಂತ ಮತ್ತೆ ಹೇಳುತ್ತೇನೆ. ಅದಿಲ್ಲದೆ ಈ 2200 ಎಷ್ಟು ಕಾಲ ನಿಲ್ಲುತ್ತದೆ ಅನ್ನುವುದು ಗೊತ್ತಾಗುವುದಿಲ್ಲ.

ಬ್ಯಾಂಕ್‌ಮೇಜು:
ಒಂದು ಸಾಲು ಅಂದರೆ ಎಷ್ಟು ತಿಂಗಳು? ಬಡ್ಡಿ ಇಳಿದ ಕೂಡಲೇ ಯಾರೂ ಸಾಲ ಕೇಳಿಕೊಂಡು ಓಡಿಬರುತ್ತಿರಲಿಲ್ಲ. ನನ್ನ ಮೇಜಿನಲ್ಲಿ ಅದನ್ನು ಕಣ್ಣಾರೆ ಕಂಡಿದ್ದೇನೆ.

ನಿಧಾನಿ:
ಅದನ್ನು ಈ ಎರಡು ಗೆರೆ ಹೇಳುವುದಿಲ್ಲ ಸರ್. ದಾರಿಯನ್ನು ಹೇಳುತ್ತವೆ, ಗಡಿಯಾರ ಅವುಗಳಲ್ಲಿಲ್ಲ.

ಗೆರೆಮೇಲ್ಗೆರೆ:
ಬೆಲೆಯ ಅಂಕಣ ಸೇರಿಸುತ್ತಿದ್ದೇನೆ. ಉತ್ಪನ್ನ 2100 ದಾಟಿದಾಗ ಪ್ರತಿ ಸಾಲಿಗೂ ಬೆಲೆ ಎಷ್ಟು ಏರಿಸಬೇಕು ಅನ್ನುವುದಕ್ಕೆ ಯಾವ ಸೂತ್ರ ಇಡಲಿ?