ಅಧ್ಯಾಯವನ್ನು ವೈವಾಗೆ ಹೊಂದಿಸುವುದು: ನಿವೃತ್ತ ಪ್ರಾಧ್ಯಾಪಕರೊಂದಿಗೆ ಪ್ರಶ್ನೋತ್ತರ

ಸಿಂಧನೂರಿನ ಸಂಶೋಧನಾರ್ಥಿನಿ: ಮೇಡಂ, ಕೃಷಿ ಅರ್ಥಶಾಸ್ತ್ರದ ನನ್ನ ಪಿಎಚ್.ಡಿ. ಮೌಖಿಕ ಪರೀಕ್ಷೆಗೆ ಮೂರು ವಾರ ಉಳಿದಿದೆ. ತುಂಗಭದ್ರಾ ಎಡದಂಡೆಯ ಒಂದು ವಿತರಣಾ ನಾಲೆಯಲ್ಲಿ ಮೇಲ್ಭಾಗದ 60 ಮತ್ತು ಕೊನೆಭಾಗದ 60 ರೈತರ ಭತ್ತದ ಇಳುವರಿಯನ್ನು ಹೋಲಿಸಿದ ನಾಲ್ಕನೆಯ ಅಧ್ಯಾಯ 62 ಪುಟಗಳಿದೆ. ಎಕರೆಗೆ ಮೇಲೆ 34 ಚೀಲ, ಕೊನೆಯಲ್ಲಿ 22 ಚೀಲ. ಈ 12 ಚೀಲದ ಅಂತರಕ್ಕೆ ನೀರಿನ ಕೊರತೆಯೇ ಕಾರಣವೆಂದು ಬರೆದಿದ್ದೇನೆ. ಅಧ್ಯಾಯದ ಕ್ರಮದಲ್ಲೇ ಮಾಡಿದರೆ 41 ಸ್ಲೈಡ್ ಆಗುತ್ತಿವೆ, ಇರುವುದು 20 ನಿಮಿಷ. ಎಲ್ಲಿ ಕತ್ತರಿಸಲಿ?

ಪ್ರಾಧ್ಯಾಪಕರು: ಕತ್ತರಿಸುವ ಮೊದಲು ಪರೀಕ್ಷಕರ ವರದಿ ಓದಿ. ಪ್ರಬಂಧವನ್ನು ಮೌಲ್ಯಮಾಪನ ಮಾಡಿದವರು ಎತ್ತಿದ ಆಕ್ಷೇಪಗಳೇ ಅಂದು ಮೊದಲು ಬರುವ ಪ್ರಶ್ನೆಗಳು. ಅವುಗಳಲ್ಲಿ ಏನಿದೆ?

ಸಂಶೋಧನಾರ್ಥಿನಿ: ಒಬ್ಬರು ಮುದ್ರಣದೋಷಗಳನ್ನು ಪಟ್ಟಿ ಮಾಡಿದ್ದಾರೆ. ಇನ್ನೊಬ್ಬರು, ಕೊನೆಭಾಗದ ಮಣ್ಣಿನ ಗುಣವನ್ನು ಪರಿಗಣಿಸಲಾಗಿದೆಯೇ ಎಂದು ಒಂದೇ ಸಾಲು ಬರೆದಿದ್ದಾರೆ. ಸವಳು ಭೂಮಿಯ ಮಾಹಿತಿ ನನ್ನ ಪ್ರಶ್ನಾವಳಿಯಲ್ಲಿದೆ. ಮೇಲ್ಭಾಗದಲ್ಲಿ 6 ಹೊಲ, ಕೊನೆಭಾಗದಲ್ಲಿ 40 ಹೊಲ.

ಗಂಗಾವತಿಯ ಸದಸ್ಯ: ಬೇರೆ ಗುಂಪಿನಿಂದ ಬಂದದ್ದನ್ನು ಹಂಚಿಕೊಳ್ಳುತ್ತಿದ್ದೇನೆ: ಹತ್ತು ಸ್ಲೈಡ್, ಇಪ್ಪತ್ತು ನಿಮಿಷ, ಮೂವತ್ತರ ಅಕ್ಷರ. ಪರೀಕ್ಷಕರು ಏನೇ ಕೇಳಿದರೂ ‘ತುಂಬ ಒಳ್ಳೆಯ ಪ್ರಶ್ನೆ ಸರ್’ ಎಂದು ಆರಂಭಿಸಿ ಯೋಚಿಸಲು ಸಮಯ ಪಡೆಯಿರಿ.

ಪ್ರಾಧ್ಯಾಪಕರು: ಆ ಸೂತ್ರ ಬಂಡವಾಳ ಕೇಳಲು ಹೋಗುವ ಉದ್ಯಮಿಗಳಿಗಾಗಿ ಹುಟ್ಟಿದ್ದು. ‘ಒಳ್ಳೆಯ ಪ್ರಶ್ನೆ’ ಎಂದು ಐದು ಬಾರಿ ಹೇಳಿದ ಅಭ್ಯರ್ಥಿಗೆ ಉತ್ತರ ಗೊತ್ತಿಲ್ಲವೆಂಬುದು ಎರಡನೆಯ ಬಾರಿಗೇ ತಿಳಿದುಬಿಡುತ್ತದೆ. ಇಂಥವನ್ನು ದಯವಿಟ್ಟು ಇಲ್ಲಿ ಹಾಕಬೇಡಿ.

ಈಗ ಸಿಂಧನೂರಿನವರಿಗೆ. ನಿಮ್ಮ ಚಿಂತೆ ಸ್ಲೈಡಿನ ಸಂಖ್ಯೆಯದು, ನನ್ನ ಚಿಂತೆ ಆ 46 ಸವಳು ಹೊಲಗಳದು. ಅವನ್ನು ಬೇರೆ ಮಾಡಿ ಸರಾಸರಿ ತೆಗೆದು ತಿಳಿಸಿ.

ಸಂಶೋಧನಾರ್ಥಿನಿ: ತೆಗೆದೆ ಮೇಡಂ. ಸವಳಿಲ್ಲದ ಹೊಲಗಳಲ್ಲಿ ಮೇಲೆ 54ಕ್ಕೆ 35 ಚೀಲ, ಕೊನೆಯಲ್ಲಿ 20ಕ್ಕೆ 27 ಚೀಲ. ಸವಳಿರುವಲ್ಲಿ ಮೇಲೆ 25, ಕೊನೆಯಲ್ಲಿ 19.5.

ಪ್ರಾಧ್ಯಾಪಕರು: ಹಾಗಾದರೆ ಒಳ್ಳೆಯ ಮಣ್ಣನ್ನು ಒಳ್ಳೆಯ ಮಣ್ಣಿನೊಂದಿಗೆ ಹೋಲಿಸಿದಾಗ ನಿಮ್ಮ 12 ಚೀಲ 8ಕ್ಕೆ ಇಳಿಯಿತು. ಆ ಒಂದು ಸಾಲಿನ ಆಕ್ಷೇಪ ಹುಡುಕುತ್ತಿದ್ದುದು ಇದನ್ನೇ. ನಿಮ್ಮ ಮಂಡನೆ ನಿಲ್ಲಬೇಕಾದದ್ದೂ ಇದರ ಸುತ್ತಲೇ.

ಅಧ್ಯಾಯದಲ್ಲಿ ನೀವು ಉದ್ದೇಶ, ಹಿಂದಿನ ಅಧ್ಯಯನಗಳು, ವಿಧಾನ, ಕೋಷ್ಟಕ, ಚರ್ಚೆ ಎಂದು ನಡೆದಿರುತ್ತೀರಿ. ಪರೀಕ್ಷಕರು ಅದನ್ನು ಆಗಲೇ ಓದಿದ್ದಾರೆ, ಮತ್ತೊಮ್ಮೆ ಅದೇ ದಾರಿಯಲ್ಲಿ ಕರೆದೊಯ್ದರೆ ಅವರು ನಡುವೆಯೇ ನಿಲ್ಲಿಸುತ್ತಾರೆ. ಮೊದಲ ಸ್ಲೈಡಿನಲ್ಲಿ ಪ್ರಶ್ನೆ, ಎರಡನೆಯದರಲ್ಲೇ 34 ಮತ್ತು 22ರ ಉತ್ತರ ಇರಲಿ. ಮೂರನೆಯದರಲ್ಲಿ ರೈತರನ್ನು ಆರಿಸಿದ ಬಗೆಯನ್ನು ನಾಲೆಯ ಒಂದು ನಕ್ಷೆಯ ಮೇಲೆ ತೋರಿಸಿ. ನಾಲ್ಕನೆಯದು ಸವಳಿನ ಸ್ಲೈಡ್: ನಾಲ್ಕೇ ಕಂಬ, 35, 27, 25, 19.5, ಪ್ರತಿ ಕಂಬದ ಬುಡದಲ್ಲಿ ಹೊಲಗಳ ಸಂಖ್ಯೆ. ಇಲ್ಲಿಯೇ ಐದು ನಿಮಿಷ ಕಳೆಯಿರಿ. ರಿಗ್ರೆಶನ್ ಕೋಷ್ಟಕವನ್ನು ಇಡಿಯಾಗಿ ಪರದೆಗೆ ತರಬೇಡಿ, ಹಿಂದಿನ ಸಾಲಿನಿಂದ ಯಾರಿಗೂ ಕಾಣುವುದಿಲ್ಲ.

ಯಾವ ಪ್ರಶ್ನೆ ಮುಖ್ಯ ಸ್ಲೈಡಿಗೆ, ಯಾವುದು ‘ಧನ್ಯವಾದ’ದ ನಂತರ ಬಚ್ಚಿಟ್ಟ ಸ್ಲೈಡಿಗೆ ಎಂಬುದಕ್ಕೆ ನನ್ನದೊಂದು ಅಳತೆಯಿದೆ. ಉತ್ತರ ಪ್ರತಿಕೂಲವಾದರೆ ನಿಮ್ಮ ತೀರ್ಮಾನವೇ ಬೀಳುವಂತಿದ್ದರೆ ಅದು ಮುಖ್ಯ ಸ್ಲೈಡ್. ಬರಿಯ ವಿವರ ಕೇಳುವಂತಿದ್ದರೆ, ಚೀಲವೆಂದರೆ 75 ಕೆ.ಜಿ.ಯೇ ಎಂಬಂಥದ್ದು, ಅದು ಹಿಂದೆ.

ಇನ್ನೊಂದು ಎಚ್ಚರಿಕೆ. ಈ ವಿಂಗಡಣೆ ಪ್ರಬಂಧದಲ್ಲಿಲ್ಲ, ಆದ್ದರಿಂದ ‘ವರದಿಯ ಆಕ್ಷೇಪವನ್ನು ಓದಿದ ನಂತರ ಇದೇ ದತ್ತಾಂಶದಿಂದ ಮಾಡಿದ್ದು’ ಎಂದು ಸ್ಲೈಡಿನ ಮೇಲೆಯೇ ಬರೆಯಿರಿ.

ಕೊಪ್ಪಳದ ಉಪನ್ಯಾಸಕರು: ಇದನ್ನು ನಾನು ಒಪ್ಪಲಾರೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಗುತ್ತದೆ. ಮಿತಿಗಳನ್ನು ಕೊನೆಯ ಸ್ಲೈಡಿನಲ್ಲಿ ಎರಡು ಸಾಲಿನಲ್ಲಿ ಹೇಳಿದರೆ ಸಾಕು, ಕೇಳಿದಾಗ ಉತ್ತರಿಸಬಹುದು.

ಪ್ರಾಧ್ಯಾಪಕರು: ಪರೀಕ್ಷಕರು ಆಗಲೇ ಕಳ್ಳ ಎಂದಿದ್ದಾರೆ, ಲಿಖಿತವಾಗಿ. ಸಣ್ಣ ಮಿತಿಗಳ ಬಗ್ಗೆ ನಿಮ್ಮ ಮಾತು ಸರಿ, ಇದು ಸಣ್ಣದಲ್ಲ.

ಮಾನ್ವಿಯ ಸದಸ್ಯ: ಸಮೀಕ್ಷೆ ಯಾವ ವರ್ಷದ್ದು? 2023ರ ಮುಂಗಾರಿನದಾದರೆ ಅದು ಬರ ಘೋಷಣೆಯಾದ ವರ್ಷ. ನಮ್ಮ ಕೊನೆಭಾಗಕ್ಕೆ ಅಂಥ ವರ್ಷ ಬೀಳುವ ಹೊಡೆತವೇ ಬೇರೆ.

ಸಂಶೋಧನಾರ್ಥಿನಿ: 2023ರದೇ. ಇದು ನನಗೆ ಹೊಳೆದಿರಲಿಲ್ಲ.

ಪ್ರಾಧ್ಯಾಪಕರು: ಮಾನ್ವಿಯವರಿಗೆ ಧನ್ಯವಾದ. ಶೀರ್ಷಿಕೆಯಲ್ಲೇ ವರ್ಷ ಹಾಕಿ, ‘8 ಚೀಲದ ಅಂತರವಿದೆ’ ಎನ್ನದೆ ‘ಬರದ ಆ ಹಂಗಾಮಿನಲ್ಲಿ ಇತ್ತು’ ಎನ್ನಿ.

ಬಳ್ಳಾರಿಯ ಇತಿಹಾಸ ವಿದ್ಯಾರ್ಥಿ: ಮೇಡಂ, ನನ್ನದು ಶಾಸನಗಳ ಕುರಿತ ಅಧ್ಯಾಯ, ಅಂಕಿಗಳೇ ಇಲ್ಲ. ನನ್ನ ಓದನ್ನು ಪರೀಕ್ಷಕರು ಪ್ರಶ್ನಿಸಿದರೆ ಪಡಿಯಚ್ಚಿನ ಚಿತ್ರ ತೋರಿಸಬೇಕೇ, ಪಾಠ ಮಾತ್ರ ಸಾಕೇ? ಒಟ್ಟು ಎಷ್ಟು ಸ್ಲೈಡ್ ಇರಬೇಕು?

ಗಂಗಾವತಿಯ ಸದಸ್ಯ: ಸ್ಲೈಡಿನ ಸಂಖ್ಯೆಯನ್ನು ನಾನು ಆಗಲೇ ಹಾಕಿದ್ದೇನೆ.

ಲಿಂಗಸುಗೂರಿನ ಸದಸ್ಯೆ: ನನ್ನ ಸಾರಲೇಖ ಇನ್ನೂ ಸಲ್ಲಿಕೆಯಾಗಿಲ್ಲ. ಅದಕ್ಕೂ ಇದೇ ಕ್ರಮವೇ? ಎಷ್ಟು ಸ್ಲೈಡ್?

ಪ್ರಾಧ್ಯಾಪಕರು: ಅಲ್ಲ. ಇಲ್ಲಿ ನಡೆದಿರುವುದು ವೈವಾದ ಮಾತು. ಸ್ಲೈಡಿನ ಲೆಕ್ಕವನ್ನು ಗಡಿಯಾರದ ಮುಂದೆ ಜೋರಾಗಿ ಓದಿ ಕಂಡುಕೊಳ್ಳಿ.

ಸಿಂಧನೂರಿನವರೇ, ರಾತ್ರಿ ಮತ್ತೆ ಯೋಚಿಸಿದೆ, 8 ಚೀಲವೂ ನೆಮ್ಮದಿಯ ಉತ್ತರವಲ್ಲ. ಸವಳಿಗೆ ಎರಡು ಹುಟ್ಟುಗಳಿರಬಹುದು. ಕಾಲುವೆ ಬರುವ ಮೊದಲೇ ಆ ಮಣ್ಣು ಸವಳಾಗಿದ್ದರೆ ಅದನ್ನು ಬೇರ್ಪಡಿಸಿದ್ದು ಸರಿ. ಆದರೆ ಮೇಲ್ಭಾಗದವರು ಸತತವಾಗಿ ಭತ್ತ ನಾಟಿ ಮಾಡಿ, ಬಸಿನೀರು ತಗ್ಗಿನ ಹೊಲಗಳಲ್ಲಿ ನಿಂತು, ಬಸಿಗಾಲುವೆಯಿಲ್ಲದೆ ಉಪ್ಪು ಮೇಲೆದ್ದಿದ್ದರೆ, ಆ ಸವಳೂ ನೀರಿನ ಹಂಚಿಕೆಯ ಫಲವೇ. ಆಗ ನೀವು ಕಳೆದದ್ದು ನೀರಿನದೇ ಪರಿಣಾಮದ ಒಂದು ಭಾಗ. ಚುರುಕಾದ ಪರೀಕ್ಷಕರು ಮೊದಲು 12ನ್ನು ಒಡೆಯುತ್ತಾರೆ, ನೀವು 8 ಎಂದ ಕೂಡಲೇ ಹಿಂದಿನಿಂದ ಇದನ್ನು ಕೇಳುತ್ತಾರೆ. ಸವಳೆಂದು ತಿಳಿದದ್ದು ಹೇಗೆ, ಪ್ರಯೋಗಾಲಯದಿಂದಲೇ? ಯಾವಾಗಿನಿಂದ ಸವಳು ಎಂದು ಕೇಳಿದ್ದೀರಾ?

ಸಂಶೋಧನಾರ್ಥಿನಿ: ರೈತರು ಹೇಳಿದ್ದು ಮಾತ್ರ, ಮಣ್ಣು ಪರೀಕ್ಷೆ ಮಾಡಿಸಿಲ್ಲ. ಯಾವಾಗಿನಿಂದ ಎಂಬುದಕ್ಕೆ 14 ಜನರ ಉತ್ತರವಿದೆ. 11 ಜನ ‘ಮೇಲಿನವರು ಎರಡು ಬೆಳೆ ಭತ್ತ ಹಿಡಿದ ಮೇಲೆ’ ಎಂದಿದ್ದಾರೆ.

ಕೊಪ್ಪಳದ ಉಪನ್ಯಾಸಕರು: ಹಾಗಾದರೆ ಮುಗಿಯಿತಲ್ಲ, 12 ಚೀಲವೂ ನೀರಿನದೇ. ಮೊದಲಿನ ತೀರ್ಮಾನವೇ ಸರಿ.

ಮಾನ್ವಿಯ ಸದಸ್ಯ: ನಲವತ್ತರಲ್ಲಿ ಹನ್ನೊಂದು ಜನರ ಮಾತಿಗೆ ‘ಮುಗಿಯಿತು’ ಎನ್ನುವವರು ಮಾರ್ಗದರ್ಶಕರಾಗದಿರಲಿ.

ಕೊಪ್ಪಳದ ಉಪನ್ಯಾಸಕರು: ನನ್ನ ಕೈಕೆಳಗೆ ಇಬ್ಬರು ಪದವಿ ಪಡೆದಿದ್ದಾರೆ. ತಮ್ಮ ಅರ್ಹತೆಯನ್ನೂ ತಿಳಿಸಿದರೆ ಒಳ್ಳೆಯದು.

ಮಾನ್ವಿಯ ಸದಸ್ಯ: ಕೊನೆಭಾಗದಲ್ಲಿ ನಾಲ್ಕು ಎಕರೆ.

ಪ್ರಾಧ್ಯಾಪಕರು: ಇಬ್ಬರೂ ಸಾಕು ಮಾಡಿ. 14 ಜನರ ಉತ್ತರ ಬಚ್ಚಿಟ್ಟ ಸ್ಲೈಡಿಗೆ ಹೋಗಲಿ. ತೀರ್ಮಾನದ ಸ್ಲೈಡಿನಲ್ಲಿ ಹೀಗೆ ಬರೆಯಿರಿ: ‘ರೈತರು ಸವಳಿಲ್ಲವೆಂದ ಹೊಲಗಳಲ್ಲೂ ಬರದ ಆ ಹಂಗಾಮಿನಲ್ಲಿ 8 ಚೀಲದ ಅಂತರ ಉಳಿದಿತ್ತು. ಅದರಲ್ಲಿ ನೀರಿನ ಕೊರತೆಯ ಪಾಲಿದೆ ಎಂಬುದು ನನ್ನ ವಾದ. ಉಳಿದ 4 ಚೀಲದಲ್ಲಿ ನೀರಿನ ಪಾಲೆಷ್ಟೆಂದು ಈ ದತ್ತಾಂಶ ಹೇಳಲಾರದು.’ ಮಣ್ಣು ಪರೀಕ್ಷೆ ಏಕಿಲ್ಲ ಎಂದು ಕೇಳಿದರೆ, ಮಾಡಿಸಿಲ್ಲ ಎಂದು ಒಂದೇ ಮಾತಿನಲ್ಲಿ ಒಪ್ಪಿಕೊಳ್ಳಿ.

ಸಂಶೋಧನಾರ್ಥಿನಿ: ಮಾರ್ಗದರ್ಶಕರಿಗೆ ಇದನ್ನು ತೋರಿಸಿದೆ. ಅಚ್ಚಾದ ಪ್ರಬಂಧದಲ್ಲಿ 12 ಎಂದಿರುವಾಗ ವೇದಿಕೆಯ ಮೇಲೆ 8 ಎನ್ನಬೇಡಿ ಎಂದರು.

ಪ್ರಾಧ್ಯಾಪಕರು: 34 ಮತ್ತು 22 ಹಾಗೆಯೇ ಇವೆ, ಒಂದು ಅಂಕಿಯೂ ಬದಲಾಗಿಲ್ಲ. ಬದಲಾದದ್ದು ‘ನೀರಿನ ಕೊರತೆಯೇ’ ಎಂಬುದರ ಕೊನೆಯ ಅಕ್ಷರ ಮಾತ್ರ. ಆ ‘ಯೇ’ ತೆಗೆಯಲು ಅವರನ್ನು ಒಪ್ಪಿಸುವ ಕೆಲಸ ನಿಮ್ಮದು, ನನ್ನಿಂದಾಗದು.

ಬಳ್ಳಾರಿಯ ಇತಿಹಾಸ ವಿದ್ಯಾರ್ಥಿ: ಮೇಡಂ, ಪಡಿಯಚ್ಚಿನ ವಿಷಯ?